ಹನ್ನೆರಡು ಜನರಿದ್ದೂ ಡ್ಯೂಟಿ ಪಟ್ಟಿ ಕೂಡದಿರುವುದೇಕೆ?

ಆಸ್ಪತ್ರೆಯ ಯಾವುದೇ ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಮೇಜಿನ ಮೇಲೆ ಗೆರೆ ಎಳೆದ ಒಂದು ಹಾಳೆ ಇರುತ್ತದೆ. ಎಡಗಡೆ ಹೆಸರುಗಳು, ಮೇಲ್ಗಡೆ ತಾರೀಖುಗಳು, ಮನೆಮನೆಯಲ್ಲೂ ಎಂ, ಇ, ಎನ್ ಎಂಬ ಅಕ್ಷರಗಳು. ಎಂ ಅಂದರೆ ಬೆಳಗಿನ ಪಾಳಿ, ಇ ಅಂದರೆ ಮಧ್ಯಾಹ್ನದ ಪಾಳಿ, ಎನ್ ಅಂದರೆ ನೈಟ್. ಪೆನ್ಸಿಲಿನಲ್ಲಿ ಬರೆದದ್ದು, ರಬ್ಬರಿನಲ್ಲಿ ಅಳಿಸಿ ಅಳಿಸಿ ಹಾಳೆ ಸವೆದಿರುತ್ತದೆ. ಒಬ್ಬರಿಗೆ ರಜೆ ಕೊಟ್ಟರೆ ಇನ್ನೊಬ್ಬರ ನೈಟ್ ಜಾರುತ್ತದೆ, ಆ ನೈಟ್ ಜಾರಿದರೆ ಮೂರನೆಯವರ ವಾರದ ರಜೆ ಹಾರುತ್ತದೆ. ಕೊನೆಗೆ ಎಲ್ಲೋ ಒಂದು ನಿಯಮವನ್ನು ಸದ್ದಿಲ್ಲದೆ ಮುರಿದು ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ಯಾವ ನಿಯಮ ಮುರಿಯಿತು, ಮುರಿಯಲೇಬೇಕಿತ್ತೇ ಎಂಬುದು ಅಂಟಿಸಿದವರಿಗೂ ಖಚಿತವಾಗಿ ತಿಳಿದಿರುವುದಿಲ್ಲ.

ಗಣಿತಜ್ಞರು ಈ ಹಾಳೆಯನ್ನು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ನರ್ಸ್‌ಗಳ ಪಾಳಿ ಹಂಚುವ ಲೆಕ್ಕಕ್ಕೆಂದೇ 2010ರಲ್ಲಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅವರ ದಾರಿ ಹೀಗೆ: ಪಟ್ಟಿಯನ್ನು ಕೈಯಾರೆ ಕಟ್ಟುವ ಬದಲು ಪಟ್ಟಿ ಹೇಗಿರಬೇಕು ಎಂಬ ನಿಯಮಗಳನ್ನು ಮಾತ್ರ ಬರೆಯುವುದು, ಆ ನಿಯಮಗಳಿಗೆಲ್ಲ ಹೊಂದುವ ಪಟ್ಟಿಯನ್ನು ಹುಡುಕುವ ಕೆಲಸವನ್ನು ಸಾಲ್ವರ್ ಎಂಬ ತಂತ್ರಾಂಶಕ್ಕೆ ಒಪ್ಪಿಸುವುದು. ಇಂಥ ಸಾಲ್ವರ್‌ಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಉಚಿತವಾಗಿ ಕೊಡುವ OR-Tools ಎಂಬ ಕಟ್ಟಿನಲ್ಲಿರುವ CP-SAT. ಕೈಪಟ್ಟಿ ಬರೆಯುವವರಿಗೆ ಅದರಿಂದ ಸಿಗುವ ದೊಡ್ಡ ಲಾಭ ಪಟ್ಟಿ ಬೇಗ ಸಿದ್ಧವಾಗುವುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಟ್ಟಿ ಕೂಡುವುದೇ ಇಲ್ಲ ಎಂದಾಗ ಕೊರತೆ ನಿಜವಾಗಿ ಎಲ್ಲಿದೆ ಎಂಬುದನ್ನು ಅದು ಬಯಲಿಗೆ ತರುತ್ತದೆ. ಹೆಚ್ಚು ಬೆಲೆಯ ಮಾತು ಇದೇ.

ಲೆಕ್ಕಕ್ಕೆ ಒಂದು ವಾರ್ಡನ್ನು ಕಲ್ಪಿಸಿಕೊಳ್ಳೋಣ. ಅದೊಂದು ಸಣ್ಣ ಐಸಿಯು, 12 ನರ್ಸ್‌ಗಳು. ಪಾಳಿಗಳು ನಮ್ಮಲ್ಲಿ ವಾಡಿಕೆಯಲ್ಲಿರುವಂತೆಯೇ: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಬೆಳಿಗ್ಗೆ ನಾಲ್ವರು, ಮಧ್ಯಾಹ್ನ ಇಬ್ಬರು, ರಾತ್ರಿ ಇಬ್ಬರು ಬೇಕು. 12 ಜನರಲ್ಲಿ ವೆಂಟಿಲೇಟರ್ ನೋಡಿಕೊಳ್ಳಲು ಬಲ್ಲವರು ನಾಲ್ವರೇ. ಪ್ರತಿ ಪಾಳಿಯಲ್ಲೂ ಅವರಲ್ಲಿ ಒಬ್ಬರಾದರೂ ಇರಲೇಬೇಕು. ಪಟ್ಟಿ 14 ದಿನಗಳದ್ದು.

ಇನ್ನು ವಿಶ್ರಾಂತಿಯ ನಿಯಮಗಳು. ಒಬ್ಬರಿಗೆ ದಿನಕ್ಕೆ ಒಂದೇ ಪಾಳಿ. ನೈಟ್ ಮಾಡಿ ಬೆಳಿಗ್ಗೆ 8ಕ್ಕೆ ಇಳಿದವರಿಗೆ ಆ ದಿನ ಬೆಳಗಿನ ಪಾಳಿಯೂ ಇಲ್ಲ, ಮಧ್ಯಾಹ್ನದ್ದೂ ಇಲ್ಲ. ಬೇಕಿದ್ದರೆ ಅದೇ ರಾತ್ರಿ ಮತ್ತೆ ನೈಟ್, ಇಲ್ಲವೆಂದರೆ ಮನೆ. ಸತತವಾಗಿ ಮೂರು ನೈಟ್‌ಗಿಂತ ಹೆಚ್ಚು ಕೂಡದು. ಹೊಸ ಪಟ್ಟಿ ಶುರುವಾದಾಗ ನೈಟ್ ಸರದಿಯೂ ಹೊಸಬರಿಗೆ ಹೋಗುತ್ತದೆ. ವಾರಕ್ಕೊಂದು ರಜೆ ಕಡ್ಡಾಯ, ಮತ್ತು ನೈಟ್ ಇಳಿದ ದಿನವನ್ನು ಆ ರಜೆಯೆಂದು ಎಣಿಸುವಂತಿಲ್ಲ. ಈ ಕೊನೆಯ ಮಾತನ್ನು ಬಿಡಿಸಿ ಹೇಳಲು ಕಾರಣವಿದೆ. ರಾತ್ರಿಯಿಡೀ ದುಡಿದು ಮನೆಗೆ ಹೋಗಿ ಮಲಗಿದ ದಿನವನ್ನೇ ವೀಕ್ಲಿ ಆಫ್ ಎಂದು ಬರೆಯುವ ಪದ್ಧತಿ ನೈಟ್ ಡ್ಯೂಟಿ ಇರುವ ಎಲ್ಲ ಕಸುಬಿನವರ ಹಳೆಯ ಗೋಳು. ಕೈಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳದೆ ನಡೆದುಹೋಗುತ್ತದೆ. ಸಾಲ್ವರ್‌ಗೆ ಹಾಗೆ ಮಾಡಬಹುದೋ ಬಾರದೋ ಎಂದು ಮೊದಲೇ ಬರೆದುಕೊಡಬೇಕು.

ಈಗ ಮಾದರಿ ಕಟ್ಟುವ ಕೆಲಸ. ಹಾಳೆಯ ಪ್ರತಿ ಮನೆಯನ್ನೂ ಮೂರು ಪ್ರಶ್ನೆಗಳಾಗಿ ಒಡೆಯುತ್ತಾರೆ: ಈ ನರ್ಸ್‌ಗೆ ಈ ದಿನ ಬೆಳಗಿನ ಪಾಳಿಯೇ? ಮಧ್ಯಾಹ್ನದ್ದೇ? ನೈಟೇ? ಉತ್ತರ ಹೌದಾದರೆ 1, ಇಲ್ಲವಾದರೆ 0. 12 ಜನ, 14 ದಿನ, 3 ಪಾಳಿ, ಒಟ್ಟು 504 ಪ್ರಶ್ನೆಗಳು. ಪ್ರತಿಯೊಂದಕ್ಕೂ ಎರಡೇ ಉತ್ತರವಾದರೂ ಎಲ್ಲ ಸೇರಿ ಆಗಬಹುದಾದ ಪಟ್ಟಿಗಳ ಸಂಖ್ಯೆ 152 ಅಂಕಿಗಳಷ್ಟು ಉದ್ದದ್ದು. ಒಂದೊಂದನ್ನೇ ಪರೀಕ್ಷಿಸುವ ಮಾತಂತೂ ಇಲ್ಲ. ನಿಯಮಗಳೆಲ್ಲ ಈ ಸೊನ್ನೆ-ಒಂದುಗಳ ಮೇಲಿನ ಕೂಡುವ ಲೆಕ್ಕಗಳಾಗುತ್ತವೆ. ಪೈಥಾನ್ ಭಾಷೆಯಲ್ಲಿ ಅವುಗಳಲ್ಲಿ ಮೂರು ಹೀಗಿರುತ್ತವೆ:

```python
for n in nurses:
    for d in days:
        model.add_at_most_one(x[n, d, s] for s in "MEN")
    for d in days[:-1]:
        model.add(x[n, d, "N"] + x[n, d+1, "M"] + x[n, d+1, "E"] <= 1)

for d in days:
    for s in "MEN":
        model.add(sum(x[n, d, s] for n in trained) >= 1)
```

ಮೊದಲನೆಯದು ದಿನಕ್ಕೊಂದೇ ಪಾಳಿ ಎನ್ನುತ್ತದೆ. ಎರಡನೆಯದು ವಿಶ್ರಾಂತಿಯದು: ಇಂದಿನ ನೈಟ್, ನಾಳೆಯ ಬೆಳಗು, ನಾಳೆಯ ಮಧ್ಯಾಹ್ನ ಈ ಮೂರೂ ಕೂಡಿದರೆ ಒಂದನ್ನು ದಾಟಬಾರದು. ಇಂದಿನ ನೈಟ್ 1 ಆದರೆ ಉಳಿದೆರಡೂ ತಾವಾಗಿಯೇ 0. ಮೂರನೆಯದು ಕೌಶಲದ್ದು: ವೆಂಟಿಲೇಟರ್ ಬಲ್ಲವರನ್ನು ಮಾತ್ರ ಎಣಿಸಿ, ಪ್ರತಿ ಪಾಳಿಯಲ್ಲೂ ಕನಿಷ್ಠ ಒಬ್ಬರು. ಗಮನಿಸಿ, ಪಟ್ಟಿಯನ್ನು ಹೇಗೆ ಕಟ್ಟಬೇಕು, ಯಾರಿಂದ ಶುರುಮಾಡಬೇಕು ಎಂದು ಇಲ್ಲಿ ಎಲ್ಲೂ ಹೇಳಿಲ್ಲ.

ಹುಡುಕುವ ಬಗೆಯೂ ತಿಳಿಯಬೇಕಾದದ್ದೇ. ಸಾಲ್ವರ್ ಒಂದು ಊಹೆಯಿಂದ ಹೊರಡುತ್ತದೆ. 3ನೇ ನಂಬರಿನ ನರ್ಸ್‌ಗೆ 5ನೇ ತಾರೀಖು ನೈಟ್ ಎಂದಿಟ್ಟುಕೊಂಡಿತು ಎನ್ನಿ. ಆ ಕ್ಷಣವೇ 6ನೇ ತಾರೀಖಿನ ಅವರ ಎರಡು ಪ್ರಶ್ನೆಗಳಿಗೆ ಇಲ್ಲ ಎಂಬ ಉತ್ತರ ನಿಶ್ಚಯವಾಗುತ್ತದೆ. ಅವರು ವೆಂಟಿಲೇಟರ್ ಬಲ್ಲವರಾದ್ದರಿಂದ 6ರ ಬೆಳಗು, ಮಧ್ಯಾಹ್ನ ಉಳಿದ ಮೂವರ ಮೇಲೆ ಬೀಳುತ್ತವೆ. ಆ ಮೂವರಲ್ಲಿ ಒಬ್ಬರು ಆ ದಿನ ರಜೆಯಲ್ಲಿದ್ದರೆ ಇನ್ನಿಬ್ಬರ ಮನೆಗಳೂ ತುಂಬಿದಂತೆಯೇ. ಹೀಗೆ ಒಂದರಿಂದ ಒಂದು ನಿಶ್ಚಯವಾಗುತ್ತ ಹೋಗಿ ಎಲ್ಲೋ ಎರಡು ನಿಯಮಗಳು ಡಿಕ್ಕಿ ಹೊಡೆಯುತ್ತವೆ. ಇನ್‌ಚಾರ್ಜ್ ಸಿಸ್ಟರ್ ರಬ್ಬರು ಕೈಗೆತ್ತಿಕೊಳ್ಳುವುದು ಇಲ್ಲೇ. ಸಾಲ್ವರ್ ಅಳಿಸುವ ಮೊದಲು ಈ ಡಿಕ್ಕಿಗೆ ಯಾವ ಯಾವ ತೀರ್ಮಾನಗಳು ಸೇರಿ ಕಾರಣವಾದವು ಎಂದು ಹಿಂದಕ್ಕೆ ಜಾಡು ಹಿಡಿಯುತ್ತದೆ, ಆ ಕೂಟವನ್ನೇ ಹೊಸದೊಂದು ನಿಯಮವಾಗಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅದೇ ಕೂಟ ಕಂಡರೆ ಆ ದಿಕ್ಕಿಗೆ ಕಾಲಿಡುವುದಿಲ್ಲ. ಡಿಕ್ಕಿಯಿಂದ ಪಾಠ ಕಲಿಯುವ ಈ ಉಪಾಯವನ್ನು 1996ರಲ್ಲಿ ಮಾರ್ಕೆಸ್-ಸಿಲ್ವಾ ಮತ್ತು ಸಕಲ್ಲಾ ಎಂಬ ಇಬ್ಬರು ಸಂಶೋಧಕರು GRASP ಎಂಬ ತಂತ್ರಾಂಶದಲ್ಲಿ ತೋರಿಸಿದರು. ಇಂದಿನ ಸಾಲ್ವರ್‌ಗಳ ಬೆನ್ನೆಲುಬು ಅದೇ.

ನಮ್ಮ ವಾರ್ಡಿಗೆ ಬರೋಣ. ಯಾರೂ ರಜೆ ಕೇಳದಿದ್ದರೆ ಪಟ್ಟಿ ಕೂಡುತ್ತದೆ. ಈಗ ವೆಂಟಿಲೇಟರ್ ಬಲ್ಲ ನಾಲ್ವರಲ್ಲಿ ಒಬ್ಬರು, ತಂಗಿಯ ಮದುವೆಗೆಂದು ವಾರದ ರಜೆಯ ಜೊತೆಗೆ ಇನ್ನೆರಡು ದಿನ ಸಿಎಲ್ ಕೇಳುತ್ತಾರೆ. ಆ ಎರಡು ದಿನಗಳನ್ನು ಮಾದರಿಗೆ ಸೇರಿಸಿ ಓಡಿಸಿದರೆ ತೆರೆಯ ಮೇಲೆ ಒಂದೇ ಪದ ಬರುತ್ತದೆ: `INFEASIBLE`. ಇದು ಸಿಗಲಿಲ್ಲ, ಇನ್ನೊಮ್ಮೆ ನೋಡೋಣ ಎಂಬ ಮಾತಲ್ಲ. ಈ ನಿಯಮಗಳನ್ನೆಲ್ಲ ಪಾಲಿಸುವ ಪಟ್ಟಿ ಇಲ್ಲವೇ ಇಲ್ಲ ಎಂದು ಸಾಧಿಸಿ ಹೇಳುವ ಮಾತು. ಹೊತ್ತು ಮೀರಿ ಕೈಚೆಲ್ಲಿದರೆ ಅದು ಬರೆಯುವ ಪದವೇ ಬೇರೆ, `UNKNOWN`. ಎರಡನ್ನೂ ಒಂದೇ ಎಂದು ತಿಳಿದುಕೊಂಡರೆ ತಪ್ಪು ಜಾಗದಲ್ಲಿ ಪರಿಹಾರ ಹುಡುಕಿದಂತಾಗುತ್ತದೆ.

ಆದರೆ 12 ಜನರಿಲ್ಲವೇ? ಎರಡು ದಿನದ ರಜೆಗೆ ಇಡೀ ಪಟ್ಟಿ ಮುರಿದುಬೀಳುವುದುಂಟೇ? ಮೇಲಧಿಕಾರಿಗಳು ಕೇಳುವ ಮೊದಲ ಪ್ರಶ್ನೆ ಇದೇ, ಅವರ ಲೆಕ್ಕವೂ ತಪ್ಪಲ್ಲ. 12 ಜನ 14 ದಿನ ಅಂದರೆ 168 ದಿನಗಳು ಕೈಯಲ್ಲಿವೆ. ದಿನಕ್ಕೆ 8 ಜನರಂತೆ ಪಾಳಿಗಳಿಗೆ 112 ಹೋಯಿತು. ತಲಾ ಎರಡು ವಾರದ ರಜೆ, 24. ನೈಟ್ ಇಳಿಯುವ ದಿನಗಳನ್ನು ಎಣಿಸಲು ಸ್ವಲ್ಪ ಯೋಚಿಸಬೇಕು: 14 ರಾತ್ರಿಗಳನ್ನು ಮೂರು ಮೂರರ ಸರದಿಗಳಾಗಿ ಕತ್ತರಿಸಿದರೆ ಕನಿಷ್ಠ ಐದು ಸರದಿಗಳು ಬೇಕು, ಪ್ರತಿ ಸರದಿಯ ತುದಿಗೂ ಒಂದು ಇಳಿಯುವ ದಿನ. ಕೊನೆಯ ಸರದಿಯವರು ಇಳಿಯುವುದು ಮುಂದಿನ ಪಟ್ಟಿಯ ಮೊದಲ ದಿನ, ನಿಜ. ಹಿಂದಿನ ಪಟ್ಟಿಯ ಕೊನೆಯ ಸರದಿಯವರು ನಮ್ಮ ಮೊದಲ ದಿನ ಇಳಿಯುತ್ತಾರಾದ್ದರಿಂದ ಐದು ಐದಾಗಿಯೇ ಉಳಿಯುತ್ತದೆ. ರಾತ್ರಿಗೆ ಇಬ್ಬರಂತೆ 10. ಎಲ್ಲ ಕಳೆದರೆ 22 ದಿನ ಮಿಗುತ್ತದೆ. ಎರಡು ದಿನ ರಜೆ ಕೊಡಲು ಧಾರಾಳವಾಗಿ ಸಾಕು.

ಅದೇ ಲೆಕ್ಕವನ್ನು ವೆಂಟಿಲೇಟರ್ ಬಲ್ಲ ನಾಲ್ವರಿಗೆ ಮಾತ್ರ ಹಾಕಿ ನೋಡಿ. ಕೈಯಲ್ಲಿರುವುದು 56 ದಿನ. ದಿನಕ್ಕೆ ಮೂರು ಪಾಳಿಯಂತೆ 42 ಹೋಯಿತು. ವಾರದ ರಜೆ 8. ನೈಟ್ ಇಳಿಯುವ ದಿನ 5. ಉಳಿದದ್ದು ಒಂದು. ಕೇಳಿದ್ದು ಎರಡು. ಸಾಲ್ವರ್ ಸಾಧಿಸಿದ್ದು ಇಷ್ಟನ್ನೇ.

ಹಾಗಾದರೆ ಬೆರಳೆಣಿಕೆ ಸಾಕಲ್ಲ, ಸಾಲ್ವರ್ ಯಾಕೆ ಬೇಕು ಎನ್ನಬಹುದು. ಎಣಿಕೆ ಕೂಡದಿದ್ದರೆ ಪಟ್ಟಿ ಕೂಡುವುದಿಲ್ಲ ಎಂಬುದು ಖಂಡಿತ. ಎಣಿಕೆ ಕೂಡಿದ ಮಾತ್ರಕ್ಕೆ ಪಟ್ಟಿ ಕೂಡಬೇಕೆಂದಿಲ್ಲ. ಪಾಳಿಗೊಬ್ಬರಂತೆ ದಿನವೂ ಮೂವರು ಬೇಕೇ ಬೇಕಾದ್ದರಿಂದ ನಾಲ್ವರಲ್ಲಿ ಒಂದು ದಿನಕ್ಕೆ ಒಬ್ಬರೇ ಮನೆಯಲ್ಲಿರಲು ಸಾಧ್ಯ. ನೈಟ್ ಇಳಿದವರು ಮನೆಯಲ್ಲಿರುವ ದಿನ ಇನ್ಯಾರಿಗೂ ರಜೆ ಇಲ್ಲ. ಮಿಕ್ಕ ಒಂದೇ ದಿನವನ್ನು ಕೇಳಿದರೂ ಅದು ಅಂಥ ದಿನದ ಮೇಲೆ ಬಿದ್ದರೆ ನೈಟ್ ಸರದಿಗಳನ್ನೆಲ್ಲ ಮೂರು, ಮೂರು, ಎರಡು ಎಂದು ಮತ್ತೆ ಬೇರೆ ರೀತಿ ಕತ್ತರಿಸಿ ನೋಡಬೇಕು. ಕೆಲವೊಮ್ಮೆ ಅದೂ ಒಗ್ಗುವುದಿಲ್ಲ. ಈ ಹೊಂದಾಣಿಕೆಯ ಹುಡುಕಾಟದಲ್ಲಿ ಮನುಷ್ಯರು ಸೋಲುತ್ತಾರೆ, ಯಂತ್ರ ಸೆಕೆಂಡುಗಳಲ್ಲಿ ಮುಗಿಸುತ್ತದೆ. ವಿಚಿತ್ರವೆಂದರೆ, ನಾವು ಕಳೆಯುವ ಲೆಕ್ಕದಲ್ಲಿ ಎರಡೇ ಸಾಲಿಗೆ ಕಂಡುಕೊಂಡ ‘ಜಾಗ ಕಡಿಮೆ, ಜನ ಹೆಚ್ಚು’ ಬಗೆಯ ಸತ್ಯವನ್ನು ಬರೀ ಹೌದು-ಇಲ್ಲಗಳ ತರ್ಕದಿಂದ ಸಾಧಿಸಲು ಹೋದರೆ ಸಾಕ್ಷ್ಯ ಊಹೆಗೆ ಮೀರಿ ಉದ್ದವಾಗುತ್ತದೆ; ಇದನ್ನು ಹಾಕೆನ್ ಎಂಬ ಗಣಿತಜ್ಞ 1985ರಲ್ಲೇ ತೋರಿಸಿಕೊಟ್ಟಿದ್ದ. ಅದಕ್ಕೇ CP-SAT ತರ್ಕದ ಜೊತೆಗೆ ಕೂಡಿಸಿ ಕಳೆಯುವ ಗಣಿತವನ್ನೂ ಒಳಗೆ ಇಟ್ಟುಕೊಂಡಿದೆ.

`INFEASIBLE` ಎಂದ ಸಾಲ್ವರ್ ಕಾರಣವನ್ನು ತಾನಾಗಿ ಹೇಳುವುದಿಲ್ಲ. ಕೇಳುವ ಉಪಾಯ ನಮ್ಮ ಕೈಯಲ್ಲಿದೆ. ಅನುಮಾನವಿರುವ ನಿಯಮವನ್ನು ಕಡ್ಡಾಯದಿಂದ ಇಳಿಸಿ, ಮುರಿದರೆ ಇಷ್ಟು ದಂಡ ಎಂದು ಬರೆಯುತ್ತಾರೆ. ವೆಂಟಿಲೇಟರ್ ಬಲ್ಲವರಿಲ್ಲದ ಪ್ರತಿ ಪಾಳಿಗೆ 1000 ದಂಡ ಎನ್ನಿ, ಒಟ್ಟು ದಂಡ ಆದಷ್ಟು ಕಡಿಮೆ ಮಾಡು ಎನ್ನಿ. ಈಗ ಸಾಲ್ವರ್ ಒಂದು ಪಟ್ಟಿ ಕೊಡುತ್ತದೆ. ದಂಡ 1000 ಬಂದರೆ ಒಂದೇ ಒಂದು ಪಾಳಿ ಬರಿದು. ಅದು ಯಾವ ದಿನದ ಯಾವ ಪಾಳಿ ಎಂಬುದೂ ಪಟ್ಟಿಯಲ್ಲೇ ಕಾಣುತ್ತದೆ. ಆ ಒಂದು ಪಾಳಿಗೆ ಪಕ್ಕದ ವಾರ್ಡಿನಿಂದ ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಬಹುದು. ಜನ ಸಾಲುತ್ತಿಲ್ಲ ಎಂಬ ದೂರಿಗಿಂತ ಈ ಕೋರಿಕೆಗೆ ಉತ್ತರ ಸಿಗುವ ಸಂಭವ ಹೆಚ್ಚು.

ಹೊರಗಿನಿಂದ ಯಾರೂ ಬರಲಾರರು ಎಂದಾದರೆ ಯಾವುದಾದರೊಂದು ನಿಯಮ ಬಗ್ಗಬೇಕು. ಸತತ ನೈಟ್‌ಗಳನ್ನು ಮೂರರಿಂದ ನಾಲ್ಕಕ್ಕೇರಿಸಿದರೆ ಸರದಿಗಳು ಐದರಿಂದ ನಾಲ್ಕಕ್ಕಿಳಿದು ಮಿಗುವ ದಿನ ಎರಡಾಗುತ್ತದೆ. ತಾರೀಖು ಒಗ್ಗಿದರೆ ಮದುವೆಯ ರಜೆ ದಕ್ಕೀತು. ನಾಲ್ಕು ರಾತ್ರಿ, ಒಂದೊಂದೂ 12 ಗಂಟೆ, ಅದಕ್ಕೆ ಸಿಕ್ಕ ಬೆಲೆ ಒಂದು ದಿನ. ನೈಟ್ ಇಳಿದ ದಿನವನ್ನೇ ವಾರದ ರಜೆಯೆಂದು ಎಣಿಸಿದರೆ ಮಿಗುವ ದಿನಗಳು ಆರರವರೆಗೂ ಹೋಗುತ್ತವೆ. ಆ ಹಳೆಯ ಗೋಳು ಯಾಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೆ ಇದೇ ವಿವರಣೆ. ಯಾರದೋ ಕಠಿಣ ಮನಸ್ಸಿಗಿಂತ ಈ ಕಳೆಯುವ ಲೆಕ್ಕವೇ ಅದಕ್ಕೆ ಹೆಚ್ಚು ಕಾರಣ ಎಂದು ನನ್ನ ಅಂದಾಜು. ಇನ್ನು ವೆಂಟಿಲೇಟರ್ ಗೊತ್ತಿಲ್ಲದ ಇಬ್ಬರು ಹೊಸಬರನ್ನು ನೇಮಿಸಿಕೊಂಡರೆ? ಒಟ್ಟು ಲೆಕ್ಕದಲ್ಲಿ 22 ಇದ್ದದ್ದು 46 ಆಗುತ್ತದೆ. ನಾಲ್ವರ ಲೆಕ್ಕದಲ್ಲಿದ್ದ ಒಂದು ಒಂದೇ ಆಗಿರುತ್ತದೆ.

ಪಟ್ಟಿ ಕೂಡಿದ ಮೇಲೂ ಕಷ್ಟ ತೀರುವುದಿಲ್ಲ. ಬರೆಯದ ನಿಯಮವನ್ನು ಸಾಲ್ವರ್ ಪಾಲಿಸುವುದಿಲ್ಲ. ಸತತ ಮೂರಕ್ಕಿಂತ ಹೆಚ್ಚು ನೈಟ್ ಬೇಡ ಎಂದೆವು, ಒಂಟಿ ನೈಟ್ ಬೇಡ ಎನ್ನಲಿಲ್ಲ. ದಿನಗಳು ಧಾರಾಳವಾಗಿರುವ ಉಳಿದ ಎಂಟು ಜನರಲ್ಲಿ ಯಾರಿಗಾದರೂ ಒಂದು ನೈಟ್, ಒಂದು ದಿನ ಮನೆ, ಮತ್ತೊಂದು ನೈಟ್, ಮತ್ತೊಂದು ದಿನ ಮನೆ ಎಂದು ಬಂದುಬಿಡಬಹುದು. ನಿಯಮ ಒಂದೂ ಮುರಿದಿಲ್ಲ, ನಿದ್ದೆ ಮಾತ್ರ ಕೆಟ್ಟಿದೆ. ಇಂಥದ್ದು ಒಟ್ಟು ಅಂಕಿಯಲ್ಲಿ ಕಾಣುವುದಿಲ್ಲ. ಒಬ್ಬೊಬ್ಬರ ಸಾಲನ್ನೂ ಎಡದಿಂದ ಬಲಕ್ಕೆ ಓದಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅನುಭವಿ ಸಿಸ್ಟರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು. ‘ಅಯ್ಯೋ, ಹೀಗೆ ಯಾರಾದರೂ ಹಾಕುತ್ತಾರೇನ್ರಿ’ ಎಂದು ಅವರು ಬೆರಳಿಟ್ಟ ಜಾಗದಲ್ಲೆಲ್ಲ ಒಂದು ಬರೆಯದ ನಿಯಮ ಅಡಗಿರುತ್ತದೆ.

ಇನ್ನೊಂದು ಬಲೆ ಪಟ್ಟಿಯ ಅಂಚಿನಲ್ಲಿದೆ. ಮೇಲಿನ ಕೋಡ್ 1ನೇ ದಿನದಿಂದ ಶುರುವಾಗುತ್ತದೆ, ಅದಕ್ಕೆ ಹಿಂದಿನ ದಿನ ಯಾರು ನೈಟ್ ಮಾಡಿದರೆಂದು ಗೊತ್ತೇ ಇಲ್ಲ. ಹಾಗೇ ಬಿಟ್ಟರೆ ಬೆಳಿಗ್ಗೆ 8ಕ್ಕೆ ನೈಟ್ ಇಳಿದವರಿಗೆ ಅದೇ 8ಕ್ಕೆ ಬೆಳಗಿನ ಪಾಳಿ ಬಿದ್ದೀತು. ಹಿಂದಿನ ಪಟ್ಟಿಯ ಕೊನೆಯ ಕೆಲವು ದಿನಗಳನ್ನು ಬದಲಾಯಿಸಲಾಗದ ಉತ್ತರಗಳಾಗಿ ಮೊದಲೇ ತುಂಬಿಕೊಡಬೇಕು. ಕೆಲವೇ ಸಾಲುಗಳ ಕೆಲಸ, ಆದರೆ ಮರೆಯುವವರೇ ಹೆಚ್ಚು.

ನ್ಯಾಯದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಈ ಭಾನುವಾರ ರಜೆ ಬೇಕು, ಆ ಬುಧವಾರ ನೈಟ್ ಬೇಡ ಎಂಬ ಕೋರಿಕೆಗಳನ್ನೆಲ್ಲ ಸಣ್ಣ ಸಣ್ಣ ದಂಡಗಳಾಗಿ ಬರೆದು ಮೊತ್ತವನ್ನು ಕಡಿಮೆ ಮಾಡು ಎಂದರೆ ಸಾಲ್ವರ್ ಮೊತ್ತವನ್ನೇ ನೋಡುತ್ತದೆ. ಐದು ಜನರ ಒಂದೊಂದು ಕೋರಿಕೆ ತಪ್ಪುವುದೂ ಒಬ್ಬರದೇ ಐದು ಕೋರಿಕೆ ತಪ್ಪುವುದೂ ಅದಕ್ಕೆ ಒಂದೇ. ವಾರ್ಡಿನಲ್ಲಿ ಅದು ಒಂದೇ ಅಲ್ಲ. ಆದ್ದರಿಂದ ಮೊತ್ತದ ಜೊತೆಗೆ, ಅತಿ ಹೆಚ್ಚು ಕೋರಿಕೆ ತಪ್ಪಿದವರ ಸಂಖ್ಯೆಗೂ ಪ್ರತ್ಯೇಕವಾಗಿ ದೊಡ್ಡ ದಂಡ ಇಡುತ್ತಾರೆ.

ಪಟ್ಟಿ ಅಂಟಿಸಿದ ಆರನೇ ದಿನ ಒಬ್ಬರಿಗೆ ಜ್ವರ ಬಂತೆನ್ನಿ. ಹಾಗೆಯೇ ಮತ್ತೆ ಓಡಿಸಿದರೆ ಅಷ್ಟೇ ಒಳ್ಳೆಯ, ಆದರೆ ಪೂರ್ತಿ ಬೇರೆಯದೇ ಪಟ್ಟಿ ಬರಬಹುದು. ಎಲ್ಲರ ಭಾನುವಾರಗಳೂ ಅದಲುಬದಲು. ಅದಕ್ಕೆ ಮುಗಿದ ದಿನಗಳನ್ನು ಕಟ್ಟಿಹಾಕಿ, ಉಳಿದ ದಿನಗಳಲ್ಲಿ ಅಂಟಿಸಿದ ಪಟ್ಟಿಗಿಂತ ಬೇರೆಯಾದ ಪ್ರತಿ ಮನೆಗೂ ದಂಡ ಹಾಕುತ್ತಾರೆ. ಆಗ ಬರುವ ಹೊಸ ಪಟ್ಟಿಯಲ್ಲಿ ಎಷ್ಟು ಕಡಿಮೆ ಮನೆಗಳು ಬದಲಾಗಲು ಸಾಧ್ಯವೋ ಅಷ್ಟೇ ಬದಲಾಗುತ್ತವೆ, ಫೋನ್ ಮಾಡಿ ಒಪ್ಪಿಸಬೇಕಾದವರೂ ಅಷ್ಟೇ.

ಮದುವೆಯ ರಜೆಗೆ ನಿಜವಾದ ದಾರಿ ಬಹುಶಃ ಐದನೆಯವರೊಬ್ಬರಿಗೆ ವೆಂಟಿಲೇಟರ್ ಕೆಲಸ ಕಲಿಸುವುದು. ಐವರಾದರೆ ಕೈಯಲ್ಲಿ 70 ದಿನ. ಪಾಳಿಗೆ 42, ವಾರದ ರಜೆಗೆ 10, ನೈಟ್ ಇಳಿಯಲು 5, ಮಿಗುವುದು 13. ಒಂದು 13 ಆಗುತ್ತದೆ, ಹೊಸ ನೇಮಕಾತಿ ಇಲ್ಲದೆಯೇ. ಕಲಿಯಲು ಹೋಗುವ ದಿನಗಳು ಎಲ್ಲಿಂದ ಬರಬೇಕು ಎಂಬುದೂ ಅದೇ ಲೆಕ್ಕದಲ್ಲಿದೆ: ಆ 22ರಲ್ಲಿ 21 ದಿನ ಮಿಗುವುದು ಉಳಿದ ಎಂಟು ಜನರ ಕಡೆ. ಅವರಲ್ಲೊಬ್ಬರನ್ನು ಒಂದು ಪಟ್ಟಿಯ ಅವಧಿಯಲ್ಲಿ 10 ದಿನ ತರಬೇತಿಗೆ ಕಳಿಸಿದರೂ 11 ದಿನ ಕೈಯಲ್ಲಿರುತ್ತದೆ. ಆ ಹದಿನಾಲ್ಕು ದಿನಗಳಲ್ಲಿ ವೆಂಟಿಲೇಟರ್ ಬಲ್ಲ ನಾಲ್ವರಿಗೆ ಮಾತ್ರ ಒಂದು ದಿನಕ್ಕಿಂತ ಹೆಚ್ಚು ಸಿಎಲ್ ಕೊಡಲಾಗದು ಎಂದು ಮೊದಲೇ ತಿಳಿಸಬೇಕು.